ರೂಟರಿನ ವೈಫೈ ಹೆಸರು, ಪಾಸ್‌ವರ್ಡ್ ಬದಲಿಸಿಕೊಡಿ ಎಂದು ಇಂಟರ್ನೆಟ್‌ನವರಿಗೆ ಬರೆಯುವುದು ಹೇಗೆ? ಅಂಗಡಿಯವರಿಗೆ ಸಮಗ್ರ ಮಾರ್ಗದರ್ಶಿ

ಶಿರಸಿಯಲ್ಲಿ ಫೈಬರ್ ಸಂಪರ್ಕ ಕೊಡುವ ಆಫೀಸಿನಲ್ಲಿ ಗ್ರಾಹಕರ ಮೆಸೇಜ್ ನೋಡುವುದೇ ನನ್ನ ಕೆಲಸ. ಅಂಗಡಿಯವರಿಂದ ಬರುವ ಮೆಸೇಜ್‌ಗಳಲ್ಲಿ ಹೆಚ್ಚಿನವು ಒಂದೇ ಸಾಲಿನವು: "ಸರ್, ವೈಫೈ ರೀಸೆಟ್ ಮಾಡಿ." ಯಾವ ಅಂಗಡಿ, ಯಾರ ಹೆಸರಿನ ಸಂಪರ್ಕ, ಏನು ಬದಲಾಗಬೇಕು ಎನ್ನುವುದು ಅದರಲ್ಲಿ ಇರುವುದಿಲ್ಲ. ನಾವು ತಿರುಗಿ ಕೇಳುತ್ತೇವೆ, ಅವರು ಗಿರಾಕಿಗಳ ನಡುವೆ ಮೊಬೈಲ್ ನೋಡುವುದಿಲ್ಲ, ಸಂಜೆಯಾಗುತ್ತದೆ. ಅಷ್ಟರಲ್ಲಿ ಯಾರೋ ರೂಟರಿನ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿರುತ್ತಾರೆ. ಆಗ ಪಾಸ್‌ವರ್ಡ್ ಒಂದೇ ಅಲ್ಲ, ಇಡೀ ಇಂಟರ್ನೆಟ್ ಹೋಗುತ್ತದೆ.

ಸರಿಯಾಗಿ ಬರೆದ ಮೆಸೇಜ್ ಇದ್ದರೆ ಈ ಕೆಲಸಕ್ಕೆ ಸಾಮಾನ್ಯವಾಗಿ ಯಾರೂ ಅಂಗಡಿಗೆ ಬರಬೇಕಾಗಿಲ್ಲ. ಕಂಪನಿಯೇ ಕೊಟ್ಟ ರೂಟರ್ ಆದರೆ ಬಹುಪಾಲು ಆಫೀಸಿನಿಂದಲೇ ಬದಲಿಸಲು ಬರುತ್ತದೆ. ಮಳೆಗಾಲದಲ್ಲಿ ಇದು ಮುಖ್ಯ. ಮರ ಬಿದ್ದು ಕೇಬಲ್ ಹರಿದಾಗ ಲೈನಿನ ಹುಡುಗರೆಲ್ಲ ಘಟ್ಟದ ರಸ್ತೆಯಲ್ಲೇ ಇರುತ್ತಾರೆ. ನಿಮ್ಮ ಪಾಸ್‌ವರ್ಡ್ ಕೆಲಸಕ್ಕೆ ಒಬ್ಬರು ಬರಲಿ ಎಂದು ಕಾದರೆ ದಿನಗಳೇ ಹೋಗಬಹುದು.

ಇಲ್ಲಿ ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಸಿ.ಪಿ. ಬಜಾರಿನ ಒಂದು ಝೆರಾಕ್ಸ್ ಅಂಗಡಿ ಎಂದುಕೊಳ್ಳಿ. ಕೆಲಸಕ್ಕಿದ್ದ ಹುಡುಗ ಬಿಟ್ಟು ಹೋಗಿದ್ದಾನೆ, ಪಾಸ್‌ವರ್ಡ್ ಅಕ್ಕಪಕ್ಕದವರಿಗೆಲ್ಲ ಗೊತ್ತಾಗಿದೆ, ಕಾಲೇಜು ಅರ್ಜಿ ತುಂಬುವ ದಿನಗಳಲ್ಲಿ ಸಂಜೆ ನೆಟ್ ತೆವಳುತ್ತದೆ. ಸಂಪರ್ಕ ಇರುವುದು ತಂದೆಯ ಹೆಸರಿನಲ್ಲಿ, ಅಂಗಡಿ ನಡೆಸುವವರು ಮಗಳು.

## ಬೇಕಾಗುವ ವಸ್ತುಗಳು

ಕಳೆದ ತಿಂಗಳ ಬಿಲ್ಲು ಅಥವಾ ರೀಚಾರ್ಜ್ ಮೆಸೇಜ್, ರೂಟರಿನ ತಳದ ಸ್ಟಿಕರಿನ ಫೋಟೊ, ನೋಂದಾಯಿಸಿದ ಮೊಬೈಲ್, ಮತ್ತು ಒಂದು ಲ್ಯಾನ್ ಕೇಬಲ್. ಹಳೆಯ ಪಾಸ್‌ವರ್ಡ್ ಉಳಿದಿರುವ ಒಂದು ಮೊಬೈಲನ್ನೂ ಹತ್ತಿರ ಇಟ್ಟುಕೊಳ್ಳಿ. ಅದು ಕೊನೆಯಲ್ಲಿ ಪರೀಕ್ಷೆಗೆ ಬೇಕು.

## ಹಂತ 1: ಮೊದಲು ರೂಟರಿನ ಲೈಟ್ ನೋಡಿ

ಫೈಬರ್ ಬಾಕ್ಸಿನ ಮೇಲೆ LOS ಎಂದು ಬರೆದಿರುವ ಕಡೆ ಕೆಂಪು ಲೈಟ್ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಫೈಬರಿನ ಬೆಳಕು ನಿಮ್ಮ ಅಂಗಡಿಗೆ ತಲುಪುತ್ತಿಲ್ಲ ಎಂದರ್ಥ. ಕೇಬಲ್ ತುಂಡಾಗಿರಬಹುದು, ಮಡಚಿರಬಹುದು. ಇದಕ್ಕೂ ಪಾಸ್‌ವರ್ಡಿಗೂ ಸಂಬಂಧವಿಲ್ಲ. ಆಗ "ಲೈನ್ ಕಟ್ಟಾಗಿದೆ, LOS ಕೆಂಪಾಗಿದೆ" ಎಂದೇ ಬರೆಯಿರಿ. ಪಾಸ್‌ವರ್ಡ್ ವಿಷಯ ಆಮೇಲೆ. ಲೈನ್ ಇಲ್ಲದ ರೂಟರನ್ನು ಆಫೀಸಿನಿಂದ ಮುಟ್ಟಲೂ ಆಗುವುದಿಲ್ಲ.

LOS ಆರಿದ್ದು, PON ಎಂದು ಬರೆದಿರುವ ಲೈಟ್ ಹಸಿರಾಗಿ ಸ್ಥಿರವಾಗಿದ್ದು, ಲ್ಯಾನ್ ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ ನೆಟ್ ಬರುತ್ತಿದ್ದರೆ ಲೈನ್ ಚೆನ್ನಾಗಿದೆ. ಈ ಒಂದು ವಿಷಯ ಮೆಸೇಜಿನಲ್ಲಿ ಇದ್ದರೆ ನಮ್ಮ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

ಕರೆಂಟ್ ಹೋಗಿ ಬಂದರೆ ಪಾಸ್‌ವರ್ಡ್ ಅಳಿಸಿಹೋಗುವುದಿಲ್ಲ. ರೂಟರ್ ಆಫ್ ಮಾಡಿ ಆನ್ ಮಾಡುವುದು ಬೇರೆ, ಪಿನ್ ಚುಚ್ಚಿ ರೀಸೆಟ್ ಮಾಡುವುದು ಬೇರೆ. ಮೊದಲನೆಯದನ್ನು ಧೈರ್ಯವಾಗಿ ಮಾಡಬಹುದು.

## ಹಂತ 2: ಪಿನ್ ತೂತನ್ನು ಮುಟ್ಟಬೇಡಿ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಂಗಡಿಯವರ ದಿನ ಹಾಳಾಗುವುದು ಇಲ್ಲೇ.

ನಿಮ್ಮ ರೂಟರಿನಲ್ಲಿ ಮೂರು ಬೇರೆ ಬೇರೆ ಪಾಸ್‌ವರ್ಡ್ ಇರುತ್ತವೆ. ಮೊಬೈಲಿನಲ್ಲಿ ನಾವು ಹಾಕುವುದು ವೈಫೈ ಪಾಸ್‌ವರ್ಡ್. ರೂಟರಿನ ಸೆಟ್ಟಿಂಗ್ ಪುಟ ತೆರೆಯಲು ಬೇಕಾಗುವುದು ಅಡ್ಮಿನ್ ಪಾಸ್‌ವರ್ಡ್. ಮೂರನೆಯದು ರೂಟರ್ ತಾನೇ ಕಂಪನಿಗೆ ತೋರಿಸಿ ಒಳಗೆ ಹೋಗುವ ಲೈನಿನ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್. ಸಂಪರ್ಕ ಕೊಟ್ಟ ದಿನ ಟೆಕ್ನಿಶಿಯನ್ ಅದನ್ನು ಹಾಕಿ ಹೋಗಿರುತ್ತಾನೆ, ನೀವು ಯಾವತ್ತೂ ನೋಡಿರುವುದಿಲ್ಲ.

ತೂತಿಗೆ ಪಿನ್ ಚುಚ್ಚಿ ಹತ್ತು ಸೆಕೆಂಡಿನಷ್ಟು ಹೊತ್ತು ಒತ್ತಿ ಹಿಡಿದರೆ ಈ ಮೂರೂ ಸಾಮಾನ್ಯವಾಗಿ ಒಟ್ಟಿಗೆ ಅಳಿಸಿಹೋಗುತ್ತವೆ. ವೈಫೈ ಹೆಸರು ಸ್ಟಿಕರಿನಲ್ಲಿ ಅಚ್ಚಾದ ಹೆಸರಿಗೆ ಮರಳುತ್ತದೆ. ಮೊಬೈಲ್ ಅದಕ್ಕೆ ಸೇರಿಕೊಳ್ಳುತ್ತದೆ, ಸಿಗ್ನಲ್ ಪೂರ್ತಿ ತೋರಿಸುತ್ತದೆ, ಆದರೆ ಯಾವ ಪುಟವೂ ತೆರೆಯುವುದಿಲ್ಲ. ಲೈನಿನ ಯೂಸರ್‌ನೇಮ್ ಹೋಗಿರುವುದರಿಂದ ರೂಟರಿಗೆ ಕಂಪನಿಯ ಒಳಗೆ ಪ್ರವೇಶ ಇಲ್ಲ. ಎಷ್ಟೋ ರೂಟರುಗಳನ್ನು ಆಮೇಲೆ ಆಫೀಸಿನಿಂದ ಹಿಡಿಯಲೂ ಬರುವುದಿಲ್ಲ, ಯಾರಾದರೂ ಅಂಗಡಿಗೇ ಬರಬೇಕು.

ಈಗಾಗಲೇ ಯಾರೋ ಒತ್ತಿದ್ದಾರೆಯೇ ಎಂದು ತಿಳಿಯಲು ಮೊಬೈಲಿನ ವೈಫೈ ಪಟ್ಟಿ ತೆರೆಯಿರಿ. ನಿಮ್ಮ ಹಳೆಯ ಹೆಸರು ಕಾಣೆಯಾಗಿ, ಸ್ಟಿಕರಿನಲ್ಲಿ SSID ಎಂದಿರುವ ಕಡೆ ಇರುವ ಹೆಸರು ಕಾಣಿಸುತ್ತಿದೆಯೇ? PON ಹಸಿರಾಗಿದ್ದೂ INTERNET ಲೈಟ್ ಆರಿದೆಯೇ ಅಥವಾ ಕೆಂಪಾಗಿದೆಯೇ? ಹಾಗಿದ್ದರೆ ಒತ್ತಿದ್ದಾರೆ. ಅದನ್ನು ಮುಚ್ಚಿಡದೆ ಬರೆಯಿರಿ: "ಪಿನ್ ರೀಸೆಟ್ ಆಗಿದೆ, ಲೈನಿನ ಸೆಟ್ಟಿಂಗ್ ಹೋಗಿದೆ, ಮೊದಲು ಅದನ್ನು ಹಾಕಿಕೊಡಿ." ಇಷ್ಟು ಗೊತ್ತಾದರೆ ಬರುವವರು ತಯಾರಾಗಿ ಬರುತ್ತಾರೆ.

## ಹಂತ 3: ಬದಲಾವಣೆ ನಿಜಕ್ಕೂ ಬೇಕೇ?

ಪಾಸ್‌ವರ್ಡ್ ಬರೀ ಮರೆತುಹೋಗಿದ್ದರೆ ಬದಲಿಸುವ ಅಗತ್ಯವೇ ಇಲ್ಲ. ಈಗಲೂ ವೈಫೈಗೆ ಸೇರಿಕೊಂಡಿರುವ ಯಾವುದಾದರೂ ಸಾಧನದಲ್ಲಿ ಅದು ಇರುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ವೈಫೈ ಸೆಟ್ಟಿಂಗ್‌ಗೆ ಹೋಗಿ, ಸೇರಿಕೊಂಡಿರುವ ಹೆಸರಿನ ಮೇಲೆ ಒತ್ತಿ, ಶೇರ್ ಆರಿಸಿದರೆ ಕ್ಯೂಆರ್ ಕೋಡ್ ಬರುತ್ತದೆ. ಬಹಳಷ್ಟು ಮೊಬೈಲ್‌ಗಳಲ್ಲಿ ಅದರ ಕೆಳಗೆ ಪಾಸ್‌ವರ್ಡ್ ಕೂಡ ಕಾಣುತ್ತದೆ. ವಿಂಡೋಸ್ ಕಂಪ್ಯೂಟರ್ ವೈಫೈನಲ್ಲಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಕೊಡಿ. ಉಲ್ಲೇಖ ಚಿಹ್ನೆಯೊಳಗೆ ನಿಮ್ಮ ವೈಫೈ ಹೆಸರು ಹಾಕಬೇಕು.

```
netsh wlan show profile name="ShopWiFi" key=clear
```

Key Content ಎಂಬ ಸಾಲಿನಲ್ಲಿ ಇರುವುದೇ ಪಾಸ್‌ವರ್ಡ್. ಅದನ್ನು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಯ ಒಳಗೆ ಇಟ್ಟರೆ ಕೆಲಸ ಅಲ್ಲಿಗೆ ಮುಗಿಯಿತು.

ನಮ್ಮ ಝೆರಾಕ್ಸ್ ಅಂಗಡಿಯ ಕತೆ ಬೇರೆ. ಅಲ್ಲಿ ಪಾಸ್‌ವರ್ಡ್ ಹೊರಗೆ ಹೋಗಿದೆ, ಬದಲಿಸಲೇಬೇಕು.

## ಹಂತ 4: ಯಾರ ಹೆಸರು, ಯಾರ ನಂಬರ್?

ಬಿಲ್ಲಿನಲ್ಲಿರುವ ಹೆಸರಿನವರು ಕೇಳಿದರೆ ಮಾತ್ರ ಪಾಸ್‌ವರ್ಡ್ ಬದಲಿಸುವುದು ಸರಿಯಾದ ಕ್ರಮ. ಯಾರು ಬೇಕಾದರೂ ಮೆಸೇಜ್ ಹಾಕಿ ನಿಮ್ಮ ಅಂಗಡಿಯ ಪಾಸ್‌ವರ್ಡ್ ಬದಲಿಸುವಂತಾದರೆ ನಿಮಗೇ ತೊಂದರೆ. ಹಾಗಾಗಿ ಆಫೀಸಿನವರು ನೋಂದಾಯಿತ ನಂಬರಿಗೆ ಫೋನ್ ಮಾಡುತ್ತಾರೆ ಅಥವಾ ಒಟಿಪಿ ಕಳಿಸುತ್ತಾರೆ.

ನಮ್ಮ ಕಡೆ ಕೆಲಸ ನಿಲ್ಲುವುದು ಇಲ್ಲೇ. ನಂಬರ್ ತಂದೆಯದು, ತಂದೆ ಇರುವುದು ಊರ ಮನೆಯಲ್ಲಿ, ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ. ಒಟಿಪಿ ಬಂದಿರುತ್ತದೆ, ನೋಡುವವರಿಲ್ಲ. ಆದ್ದರಿಂದ ಮೆಸೇಜ್ ಹಾಕುವ ಮೊದಲೇ ತಂದೆಗೆ ಹೇಳಿಡಿ: "ಅಪ್ಪಾ, ನಾಳೆ ಒಂಬತ್ತು ಗಂಟೆಗೆ ನೆಟ್ ಆಫೀಸಿಂದ ಫೋನ್ ಬರ್ತದೆ, ಅಂಗಳದಲ್ಲೇ ಇರು." ಸಾಧ್ಯವಾದರೆ ಮೊದಲ ಮೆಸೇಜನ್ನು ಅವರ ನಂಬರಿನಿಂದಲೇ ಕಳಿಸಿ, ಅದರಲ್ಲಿ ನಿಮ್ಮ ಹೆಸರು ಕೊಡಿ.

ಅಂಗಡಿಯನ್ನು ಬೇರೆಯವರಿಂದ ಕೊಂಡಿದ್ದು, ಸಂಪರ್ಕ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲೇ ಇದ್ದರೆ ಮೊದಲು ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಅವರನ್ನೇ ಹುಡುಕಿಕೊಂಡು ಹೋಗಬೇಕಾಗುತ್ತದೆ.

## ಹಂತ 5: ಹೊತ್ತು ಆರಿಸಿ, ಸಾಧನಗಳ ಪಟ್ಟಿ ಮಾಡಿ

ಪಾಸ್‌ವರ್ಡ್ ಬದಲಾದ ಕ್ಷಣ ವೈಫೈನಲ್ಲಿರುವ ಎಲ್ಲ ಸಾಧನಗಳೂ ಹೊರಬೀಳುತ್ತವೆ. ಲ್ಯಾನ್ ಕೇಬಲ್‌ನಲ್ಲಿ ಇರುವವಕ್ಕೆ ಏನೂ ಆಗುವುದಿಲ್ಲ. ಅಂಗಡಿಯೊಳಗೆ ಒಂದು ಸುತ್ತು ಹಾಕಿ ಯಾವುದು ಹೇಗಿದೆ ಎಂದು ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ಮತ್ತು ಕ್ಯಾಮೆರಾದ ಡಿವಿಆರ್ ಕೇಬಲ್‌ನಲ್ಲಿವೆ. ಪ್ರಿಂಟರ್, ಸ್ವೈಪ್ ಮಷಿನ್, ಎರಡು ಮೊಬೈಲ್ ವೈಫೈನಲ್ಲಿವೆ. ಹಣ ಬಂದಿದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸಿನಲ್ಲಿ ಅದರದ್ದೇ ಸಿಮ್ ಇದೆ, ಅದಕ್ಕೆ ತೊಂದರೆಯಿಲ್ಲ. ಕೆಲವು ಸೌಂಡ್‌ಬಾಕ್ಸ್ ವೈಫೈನಲ್ಲೂ ಇರುತ್ತವೆ, ಒಮ್ಮೆ ನೋಡಿಕೊಳ್ಳಿ.

ಬಿಲ್ಲಿಂಗ್ ಕಂಪ್ಯೂಟರ್ ವೈಫೈನಲ್ಲಿದ್ದರೆ ಅದನ್ನು ಇವತ್ತೇ ಕೇಬಲ್‌ಗೆ ಹಾಕಿ. ಬದಲಾವಣೆ ಎಡವಟ್ಟಾದರೂ ವ್ಯಾಪಾರ ನಿಲ್ಲಬಾರದು.

ಹೊತ್ತನ್ನು ನೀವೇ ಹೇಳಿ. ಅಂಗಡಿ ತೆರೆಯುವ ಮೊದಲಿನ ಅರ್ಧ ಗಂಟೆ ಒಳ್ಳೆಯದು, ಆ ಹೊತ್ತಿಗೆ ಆಫೀಸಿನಲ್ಲೂ ಜನ ಇರುತ್ತಾರೆ. ರಾತ್ರಿ ಬಾಗಿಲು ಹಾಕಿದ ಮೇಲೆ ಬೇಡ, ಏನಾದರೂ ತಪ್ಪಿದರೆ ನೋಡಲು ಯಾರೂ ಸಿಗುವುದಿಲ್ಲ. ಸಂತೆಯ ದಿನವಂತೂ ಬೇಡವೇ ಬೇಡ.

## ಹಂತ 6: ಮೆಸೇಜ್ ಬರೆಯಿರಿ

ವಾಯ್ಸ್ ಮೆಸೇಜ್ ಕಳಿಸಬೇಡಿ. ಆಫೀಸಿನಲ್ಲಿ ಒಬ್ಬರು ಕೇಳಿ, ಇನ್ನೊಬ್ಬರಿಗೆ ಹೇಳಿ, ಅವರು ಕಂಪ್ಯೂಟರಿನಲ್ಲಿ ಹಾಕುವಷ್ಟರಲ್ಲಿ ಗ್ರಾಹಕ ಸಂಖ್ಯೆಯ ಒಂದು ಅಂಕಿ ತಪ್ಪಿರುತ್ತದೆ. ಬರೆದದ್ದನ್ನು ಹಾಗೇ ನಕಲು ಮಾಡಬಹುದು. ಊರಿನ ಆಪರೇಟರಿಗೆ ಕನ್ನಡದಲ್ಲೇ ಬರೆಯಿರಿ. ವೈಫೈ ಹೆಸರನ್ನು ಮಾತ್ರ ಮೊಬೈಲಿನಲ್ಲಿ ಹೇಗೆ ಕಾಣುತ್ತದೋ ಹಾಗೇ, ದೊಡ್ಡಕ್ಷರ ಸಣ್ಣಕ್ಷರ ವ್ಯತ್ಯಾಸವಾಗದಂತೆ ಬರೆಯಬೇಕು.

ಕ್ರಮ ಹೀಗಿರಲಿ: ಮೊದಲು ಗ್ರಾಹಕ ಸಂಖ್ಯೆ ಮತ್ತು ಹೆಸರು, ಆಮೇಲೆ ಲೈನಿನ ಸ್ಥಿತಿ, ಆಮೇಲೆ ಏನು ಬದಲಾಗಬೇಕು ಮತ್ತು ಏನು ಬದಲಾಗಬಾರದು, ಕೊನೆಗೆ ಹೊತ್ತು ಮತ್ತು ಫೋನ್ ನಂಬರ್. ಕಾರಣ ಒಂದು ಸಾಲು ಸಾಕು. ಝೆರಾಕ್ಸ್ ಅಂಗಡಿಯ ಮೆಸೇಜ್ ಇದು:

> ನಮಸ್ಕಾರ ಸರ್,
>
> ಗ್ರಾಹಕ ಸಂಖ್ಯೆ: (ಬಿಲ್ಲಿನಲ್ಲಿ ಇರುವಂತೆ)
> ಸಂಪರ್ಕ ಇರುವ ಹೆಸರು: (ತಂದೆಯ ಹೆಸರು), ನೋಂದಾಯಿತ ಮೊಬೈಲ್ ಕೊನೆಯ ನಾಲ್ಕು ಅಂಕಿ: ....
> ವಿಳಾಸ: ಝೆರಾಕ್ಸ್ ಅಂಗಡಿ, ಸಿ.ಪಿ. ಬಜಾರ್, ಶಿರಸಿ 581401
>
> ನಾನು ಅವರ ಮಗಳು, ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ಲೈನ್ ಸರಿಯಾಗಿದೆ: LOS ಆರಿದೆ, PON ಹಸಿರು, ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ ನೆಟ್ ಬರುತ್ತಿದೆ. ಪಿನ್ ರೀಸೆಟ್ ಮಾಡಿಲ್ಲ.
>
> ವೈಫೈ ಪಾಸ್‌ವರ್ಡ್ ಹೊರಗಿನವರಿಗೆ ಗೊತ್ತಾಗಿದೆ. ಅದಕ್ಕಾಗಿ ವೈಫೈ ಹೆಸರು ಮತ್ತು ವೈಫೈ ಪಾಸ್‌ವರ್ಡ್ ಎರಡನ್ನೂ ಬದಲಿಸಿಕೊಡಿ. ಈಗ ಕಾಣುತ್ತಿರುವ ಹೆಸರುಗಳು ShopWiFi ಮತ್ತು ShopWiFi_5G. ಎರಡರಲ್ಲೂ ಬದಲಾಗಬೇಕು. ಹೊಸ ಹೆಸರುಗಳು CPB_Shop ಮತ್ತು CPB_Shop_5G ಇರಲಿ.
>
> ಲೈನಿನ ಯೂಸರ್‌ನೇಮ್ ಮತ್ತು ಬೇರೆ ಸೆಟ್ಟಿಂಗ್ ಮುಟ್ಟುವುದು ಬೇಡ. ಫ್ಯಾಕ್ಟರಿ ರೀಸೆಟ್ ಬೇಡ. ಆಫೀಸಿನಿಂದಲೇ ಮಾಡಲು ಆಗುವುದಾದರೆ ಹಾಗೇ ಮಾಡಿ.
>
> ನಾಳೆ ಬೆಳಿಗ್ಗೆ 9ರಿಂದ 9.30ರ ಒಳಗೆ ಮಾಡಿದರೆ ಅನುಕೂಲ. ಆ ಹೊತ್ತಿಗೆ ನಾನು ಅಂಗಡಿಯಲ್ಲಿರುತ್ತೇನೆ. ಖಚಿತಪಡಿಸಿಕೊಳ್ಳಲು ತಂದೆಯವರ ನೋಂದಾಯಿತ ನಂಬರಿಗೆ ಫೋನ್ ಮಾಡಿ. ತಾತ್ಕಾಲಿಕ ಪಾಸ್‌ವರ್ಡ್ ಹಾಕಿ ಅದನ್ನು ಅವರಿಗೇ ಫೋನಿನಲ್ಲಿ ಹೇಳಿ, ಮೆಸೇಜಿನಲ್ಲಿ ಬೇಡ. ರೂಟರಿನ ಅಡ್ಮಿನ್ ಪಾಸ್‌ವರ್ಡನ್ನೂ ಗ್ರಾಹಕರಿಗೆ ಕೊಡುವ ಪದ್ಧತಿ ಇದ್ದರೆ ತಿಳಿಸಿ.
>
> ದೂರು ಸಂಖ್ಯೆ ಕಳಿಸಿಕೊಡಿ.

ಇದರ ಜೊತೆ ಲೈಟ್‌ಗಳ ಫೋಟೊ ಒಂದು ಹಾಕಿ. ಸ್ಟಿಕರಿನ ಫೋಟೊವನ್ನು ಕೇಳಿದರೆ ಮಾತ್ರ, ಅದೂ ಆಫೀಸಿನ ನಂಬರಿಗೆ ಮಾತ್ರ ಕಳಿಸಬೇಕು, ಏಕೆಂದರೆ ಅದರ ಮೇಲೆ ರೂಟರಿನ ಸೀರಿಯಲ್ ನಂಬರ್ ಮತ್ತು ಮೂಲ ಪಾಸ್‌ವರ್ಡ್ ಇರುತ್ತದೆ. ಬಜಾರಿನ ವ್ಯಾಪಾರಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಆಪರೇಟರ್ ಇದ್ದಾರೆ ಎಂದು ಅಲ್ಲೇ ಹಾಕಿಬಿಡುವವರು ಬಹಳ ಜನ. ಹೊಸ ಪಾಸ್‌ವರ್ಡ್ ಅಲ್ಲಿಗೆ ಬಂದರೆ ಬದಲಿಸಿಯೂ ಉಪಯೋಗವಿಲ್ಲ.

ಹೆಸರನ್ನೂ ಏಕೆ ಬದಲಿಸಬೇಕು ಎಂದು ಕೇಳುತ್ತಾರೆ. ಕಡ್ಡಾಯವೇನಲ್ಲ. ಹೆಸರು ಹಳೆಯದೇ ಇದ್ದರೆ ಪ್ರತಿ ಮೊಬೈಲೂ ಹಳೆಯ ಪಾಸ್‌ವರ್ಡ್ ಹಿಡಿದು ಪ್ರಯತ್ನಿಸಿ ಸೋಲುತ್ತದೆ, ಅಂಗಡಿಯವರಿಗೆ ನೆಟ್ ಕೆಟ್ಟಿದೆ ಅನಿಸುತ್ತದೆ. ಹೆಸರು ಬೇರೆಯಾದರೆ ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಅದಕ್ಕೇ ನಾನು ಎರಡನ್ನೂ ಬದಲಿಸಲು ಹೇಳುವುದು.

## ಹಂತ 7: ಮೆಸೇಜ್ ಕಳಿಸಿದ ಮೇಲೆ ಬರುವ ಫೋನ್

ಮೆಸೇಜನ್ನು ಬಿಲ್ಲಿನಲ್ಲಿ ಅಚ್ಚಾದ ನಂಬರಿಗೇ ಕಳಿಸಿ. ಕಸ್ಟಮರ್ ಕೇರ್ ನಂಬರನ್ನು ನೆಟ್‌ನಲ್ಲಿ ಹುಡುಕಬೇಡಿ. ಮೋಸದವರು ಹಾಕಿದ ನಂಬರುಗಳು ಅಲ್ಲಿ ಧಾರಾಳ ಇವೆ.

ಫೋನ್ ಮಾಡಿದವರು ದೂರು ಸಂಖ್ಯೆ ಹೇಳುತ್ತಾರೆಯೇ ಕೇಳಿ. ಮೊಬೈಲಿನ ಪರದೆ ತೋರಿಸುವ ಆಪ್ ಹಾಕಿಕೊಳ್ಳಿ ಎಂದರೆ, ಹತ್ತು ರೂಪಾಯಿ ಕಳಿಸಿ ಎಂದರೆ, ಬ್ಯಾಂಕಿನ ಹೆಸರಿರುವ ಒಟಿಪಿ ಕೇಳಿದರೆ ಅದು ಇಂಟರ್ನೆಟ್ ಕಂಪನಿಯಲ್ಲ. ವೈಫೈ ಪಾಸ್‌ವರ್ಡ್ ಬದಲಿಸಲು ಇದ್ಯಾವುದೂ ಬೇಕಿಲ್ಲ. ಕಂಪನಿಯ ಒಟಿಪಿ ಆದರೂ ಮೆಸೇಜನ್ನು ಪೂರ್ತಿ ಓದಿ, ಅದು ಯಾವ ಕೆಲಸಕ್ಕೆ ಬಂದಿದೆ ಎಂದು ನೋಡಿಯೇ ಹೇಳಬೇಕು. ತಂದೆಗೂ ಇದನ್ನು ಮೊದಲೇ ಹೇಳಿರಿ. ಹಣ ಹೋಗಿಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

## ಹಂತ 8: ಬದಲಾಗಿದೆಯೇ ಪರೀಕ್ಷಿಸಿ

"ಆಯ್ತು ಮೇಡಂ, ಚೆಕ್ ಮಾಡಿ" ಎಂದು ಫೋನ್ ಬಂದಾಗ ಅವರು ಲೈನಿನಲ್ಲಿ ಇರುವಾಗಲೇ ಮೊದಲು ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆಯಿರಿ. ಬಂದರೆ ಲೈನಿನ ಸೆಟ್ಟಿಂಗ್‌ಗೆ ಏನೂ ಆಗಿಲ್ಲ.

ಆಮೇಲೆ ಹಳೆಯ ಪಾಸ್‌ವರ್ಡ್ ಉಳಿಸಿಕೊಂಡ ಆ ಮೊಬೈಲ್ ತೆಗೆದುಕೊಳ್ಳಿ. ಅದು ತಾನಾಗಿ ವೈಫೈಗೆ ಸೇರಿಕೊಂಡರೆ ಕೆಲಸ ಅರ್ಧವೇ ಆಗಿದೆ. ಅತಿ ಸಾಮಾನ್ಯ ತಪ್ಪು ಇದು: ರೂಟರ್ ಎರಡು ವೈಫೈ ಬಿಡುತ್ತದೆ, 2.4 ಗಿಗಾಹರ್ಟ್ಸ್‌ನದು ಒಂದು, 5 ಗಿಗಾಹರ್ಟ್ಸ್‌ನದು ಇನ್ನೊಂದು. ಕೆಲಸದ ಗಡಿಬಿಡಿಯಲ್ಲಿ ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟಿರುತ್ತಾರೆ. ಹಳೆಯ ಪಾಸ್‌ವರ್ಡ್ ಗೊತ್ತಿರುವವರೆಲ್ಲ ಆ ಇನ್ನೊಂದರಲ್ಲಿ ಆರಾಮಾಗಿ ಉಳಿಯುತ್ತಾರೆ. ಪಟ್ಟಿಯಲ್ಲಿ ಹಳೆಯ ಹೆಸರು ಒಂದೂ ಕಾಣಬಾರದು.

ಗೋಡೌನಿಗೆ ಅಥವಾ ಮಹಡಿಗೆಂದು ನೀವೇ ಬೇರೆ ರೂಟರ್ ಇಟ್ಟಿದ್ದರೆ ಅದರ ಪಾಸ್‌ವರ್ಡ್ ಕಂಪನಿಯವರಿಗೆ ಸಿಗುವುದಿಲ್ಲ. ಅದನ್ನು ಹಾಕಿದವರಿಂದಲೇ ಬದಲಿಸಿಕೊಳ್ಳಬೇಕು.

ಈಗ ತಾತ್ಕಾಲಿಕ ಪಾಸ್‌ವರ್ಡನ್ನು ನಿಮ್ಮದಕ್ಕೆ ಬದಲಿಸಿ. ಅಡ್ಮಿನ್ ಪಾಸ್‌ವರ್ಡ್ ಕೊಟ್ಟಿದ್ದರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಸ್ಟಿಕರಿನ ಮೇಲಿರುವ ವಿಳಾಸ ಹಾಕಿ, ಸಾಮಾನ್ಯವಾಗಿ ಅದು 192.168.1.1 ಇರುತ್ತದೆ. ವೈರ್‌ಲೆಸ್ ಸೆಟ್ಟಿಂಗ್ ಬಿಟ್ಟು WAN ಎಂದಿರುವ ಪುಟಕ್ಕೆ ಕೈ ಹಾಕಬೇಡಿ, ಲೈನಿನ ಯೂಸರ್‌ನೇಮ್ ಇರುವುದು ಅಲ್ಲಿ. ಭದ್ರತೆಯ ಬಗೆ WPA2 ಇರಲಿ. WPA3 ಒಂದನ್ನೇ ಇಟ್ಟರೆ ಹಳೆಯ ಪ್ರಿಂಟರ್, ಸ್ವೈಪ್ ಮಷಿನ್ ಸೇರುವುದಿಲ್ಲ. ಪಾಸ್‌ವರ್ಡ್ ಹಾಕದೆಯೇ ಸಾಧನ ಸೇರಿಸಲು ಬಿಡುವ WPS ಆಫ್ ಮಾಡಿ. ಪಾಸ್‌ವರ್ಡಿಗೆ ಕನಿಷ್ಠ ಎಂಟು ಅಕ್ಷರ ಬೇಕೇ ಬೇಕು, ಹನ್ನೆರಡಕ್ಕೂ ಹೆಚ್ಚಿಡಿ. ಅಂಗಡಿಯ ಹೆಸರು, ಬೋರ್ಡಿನ ಮೇಲಿರುವ ಮೊಬೈಲ್ ನಂಬರ್ ಬೇಡ, ಜನ ಮೊದಲು ಊಹಿಸುವುದೇ ಅದನ್ನು. ಗಿರಾಕಿಗಳಿಗೂ ವೈಫೈ ಕೊಡಬೇಕಾಗುತ್ತದೆ ಎಂದಾದರೆ ಅದೇ ಪುಟದಲ್ಲಿ ಗೆಸ್ಟ್ ನೆಟ್‌ವರ್ಕ್ ಇದೆಯೇ ನೋಡಿ, ಅದಕ್ಕೆ ಬೇರೆ ಪಾಸ್‌ವರ್ಡ್ ಇಡಿ.

ಅಡ್ಮಿನ್ ಪಾಸ್‌ವರ್ಡ್ ಕೊಡದಿದ್ದರೆ, ನೋಂದಾಯಿತ ನಂಬರಿನಿಂದ ಫೋನ್ ಮಾಡಿ ನಿಮಗೆ ಬೇಕಾದ ಪಾಸ್‌ವರ್ಡ್ ಹೇಳಿ ಹಾಕಿಸಿಕೊಳ್ಳಿ.

ಕೊನೆಗೆ ಪಟ್ಟಿ ಹಿಡಿದು ಒಂದೊಂದೇ ಸಾಧನ ಸೇರಿಸಿ. ಬಹುಪಾಲು ಪ್ರಿಂಟರುಗಳು 2.4ರಲ್ಲಿ ಮಾತ್ರ ಸೇರುತ್ತವೆ. ಪ್ರಿಂಟರಿನಲ್ಲಿ ಹೊಸ ಹೆಸರು ಕಾಣುತ್ತಿಲ್ಲ ಎಂದರೆ _5G ಇಲ್ಲದ ಹೆಸರನ್ನು ಹುಡುಕುತ್ತಿದ್ದೀರಾ ನೋಡಿ. ಸ್ವೈಪ್ ಮಷಿನ್‌ನಲ್ಲಿ ಒಂದು ಬಿಲ್ಲು ಆಗುವವರೆಗೆ ದೂರು ಮುಚ್ಚಲು ಒಪ್ಪಬೇಡಿ.

## ಹಂತ 9: ಉತ್ತರವೇ ಬರದಿದ್ದರೆ

ಅದೇ ಮೆಸೇಜನ್ನು ಮತ್ತೆ ಮತ್ತೆ ಹಾಕಬೇಡಿ, ಹೊಸ ಹೊಸ ದೂರಾಗಿ ದಾಖಲಾಗಿ ಹಳೆಯದು ಹಿಂದೆ ಬೀಳುತ್ತದೆ. ಮೊದಲ ಮೆಸೇಜಿಗೇ ರಿಪ್ಲೈ ಮಾಡಿ ದೂರು ಸಂಖ್ಯೆ ಮತ್ತು ಕೇಳಿದ ದಿನ ಬರೆಯಿರಿ. ಊರಿನ ಆಪರೇಟರ್ ಸುಮ್ಮನಿದ್ದರೆ ಬಿಲ್ಲಿನಲ್ಲಿರುವ ಮುಖ್ಯ ಕಂಪನಿಯ ಕಸ್ಟಮರ್ ಕೇರಿಗೆ ಕೊಡಿ. ದೂರು ಕೊಟ್ಟವರಿಗೆ ಡಾಕೆಟ್ ನಂಬರ್, ಅಂದರೆ ದೂರು ಸಂಖ್ಯೆ, ಕೊಡಬೇಕು ಎನ್ನುವುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳಲ್ಲೇ ಇದೆ. ಅಲ್ಲೂ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಅಲ್ಲಿ ಕೇಳುವುದು ಆ ಡಾಕೆಟ್ ನಂಬರನ್ನೇ. ಹಾಗಾಗಿ ಅದು ಬಂದ ಮೆಸೇಜನ್ನು ಅಳಿಸಬೇಡಿ.